ಐದು ವೋಲ್ಟ್ ಸೆನ್ಸರ್, ಮೂರು ವೋಲ್ಟ್ ಪಿನ್: ನಡುವೆ ಏನು ಹಾಕಬೇಕು?

ಮನೆಯ ನೀರಿನ ಟ್ಯಾಂಕಿನ ಮಟ್ಟ ನೋಡಲು ನಾನು ಮೊದಲು ಮಾಡಿದ ಜೋಡಣೆ ತುಂಬಾ ಸರಳವಾಗಿತ್ತು. ಒಂದು HC-SR04 ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡು, ನಾಲ್ಕು ವೈರು. ಸೆನ್ಸರಿನ ಎಕೋ ಪಿನ್ನಿನಿಂದ ಹೊರಟ ವೈರನ್ನು ನೇರವಾಗಿ ಬೋರ್ಡಿನ 18ನೇ ಪಿನ್ನಿಗೆ ಕೊಟ್ಟಿದ್ದೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆಯಿಂದ ಅಳತೆ ಸೊನ್ನೆ ಬರತೊಡಗಿತು. ಸೆನ್ಸರ್ ಬದಲಿಸಿದೆ, ವೈರ್ ಬದಲಿಸಿದೆ, ಕೋಡ್ ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಎಲ್ಲ ವೈರನ್ನೂ ಕಿತ್ತು, ಆ ಪಿನ್ನಿಗೆ ಪುಲ್‌ಡೌನ್ ಕೊಟ್ಟು ಮೀಟರ್ ಇಟ್ಟೆ. ಸೊನ್ನೆ ತೋರಿಸಬೇಕಿದ್ದ ಪಿನ್ನು 1.9 ವೋಲ್ಟ್ ತೋರಿಸಿತು. ಕೆಟ್ಟಿದ್ದು ಸೆನ್ಸರ್ ಅಲ್ಲ, ಪಿನ್ನು.

ಇಂಥ ಜೋಡಣೆಯಲ್ಲಿ ದೊಡ್ಡ ಅಪಾಯ ಇದೇ. ತಪ್ಪಾಗಿ ಜೋಡಿಸಿದರೂ ಮೊದಲ ದಿನ ಕೆಲಸ ಮಾಡುತ್ತದೆ. "ನಂದು ನೇರವಾಗಿ ಕೊಟ್ಟಿದ್ದೀನಿ, ಏನೂ ಆಗಿಲ್ಲ" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ಪಿನ್ನು ಇನ್ನೂ ತಡೆದುಕೊಂಡಿದೆ, ಅಷ್ಟೇ.

ಇಎಸ್‌ಪಿ32 ಚಿಪ್ಪು 3.3 ವೋಲ್ಟಿನಲ್ಲಿ ಓಡುತ್ತದೆ. ಅದರ ಪಿನ್ನಿನ ಮೇಲೆ 3.6 ವೋಲ್ಟಿಗಿಂತ ಜಾಸ್ತಿ ಬರಬಾರದು. ಇದು ಮೇಲಿನ ಗೆರೆ. ಕೆಳಗೂ ಒಂದು ಗೆರೆ ಇದೆ: ಪಿನ್ನು ಒಂದು ಸಿಗ್ನಲನ್ನು ಖಚಿತವಾಗಿ "ಹೈ" ಅಂತ ಓದಬೇಕಾದರೆ ಅದು ಸರಬರಾಜಿನ ಮುಕ್ಕಾಲು ಪಾಲಾದರೂ ಇರಬೇಕು, ಅಂದರೆ ಸುಮಾರು 2.48 ವೋಲ್ಟ್. ನಾವು ಹಾಕುವ ಸರ್ಕ್ಯೂಟಿನಿಂದ ಬರುವ ವೋಲ್ಟೇಜು ಈ ಎರಡು ಗೆರೆಗಳ ನಡುವೆ ನಿಲ್ಲಬೇಕು. ಯುಎಸ್‌ಬಿ ಅಡಾಪ್ಟರ್ 5 ಅಂತ ಹೇಳಿ 5.25 ಕೊಟ್ಟಾಗಲೂ ನಿಲ್ಲಬೇಕು, ಉದ್ದ ವೈರಿನಲ್ಲಿ ಇಳಿದು 4.7 ಆದಾಗಲೂ ನಿಲ್ಲಬೇಕು.

ಯಾವ ಉಪಾಯ ಒಳ್ಳೆಯದು ಅಂತ ಕೇಳುವ ಮೊದಲು ನೋಡಬೇಕಾದ್ದು ಆ ಒಂದೊಂದು ವೈರನ್ನು. ಸಿಗ್ನಲ್ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ? ಅದನ್ನು ಮೇಲಕ್ಕೆ ಎಳೆಯುವವರು ಯಾರು, ಚಿಪ್ಪಾ ಅಥವಾ ಒಂದು ರೆಸಿಸ್ಟರಾ? ಒಂದೇ ಸೆನ್ಸರಿನ ಎರಡು ವೈರಿಗೆ ಎರಡು ಬೇರೆ ಉತ್ತರ ಬರಬಹುದು.

ಮೊದಲು, ಬೇಕೇ ಬೇಕಾ ಅಂತ ನೋಡಿ

"5 ವೋಲ್ಟ್ ಮಾಡ್ಯೂಲ್" ಅಂತ ಅಂಗಡಿಯವರು ಬರೆದಿದ್ದರೆ ಅದು ಸರಬರಾಜಿನ ಮಾತು. ಸಿಗ್ನಲ್ ಎಷ್ಟು ವೋಲ್ಟು ಅನ್ನೋದು ಬೇರೆ ವಿಷಯ. ಜನರ ಓಡಾಟ ಗುರುತಿಸುವ HC-SR501 ಅನ್ನೇ ನೋಡಿ. ಅದಕ್ಕೆ 5 ವೋಲ್ಟ್ ಅಥವಾ ಇನ್ನೂ ಹೆಚ್ಚು ಕೊಡಬೇಕು, ಆದರೆ ಅದರ ಔಟ್‌ಪುಟ್ 3.3 ವೋಲ್ಟೇ. ನಡುವೆ ಏನೂ ಬೇಡ. ಚಲನೆ ಅಳೆಯುವ GY-521 ಬೋರ್ಡಿನಲ್ಲೂ ಒಳಗೇ ರೆಗ್ಯುಲೇಟರ್ ಇರುತ್ತದೆ, ಸಿಗ್ನಲ್ 3.3ರಲ್ಲೇ ಇರುತ್ತದೆ. ಉಷ್ಣತೆ ಅಳೆಯುವ DS18B20, ತೇವಾಂಶ ಅಳೆಯುವ DHT22 ಎರಡೂ 3.3 ವೋಲ್ಟಿನಲ್ಲೇ ಓಡುತ್ತವೆ. ಅವಕ್ಕೆ 5 ಕೊಟ್ಟು, ಮತ್ತೆ ಸಿಗ್ನಲ್ ಇಳಿಸಲು ಕಷ್ಟಪಡುವುದು ಯಾಕೆ, ಅಲ್ವಾ?

HC-SR04ಗೂ ಒಬ್ಬ ತಮ್ಮ ಇದ್ದಾನೆ, HC-SR04P. ಅದು 3 ವೋಲ್ಟಿನಿಂದಲೇ ಓಡುತ್ತದೆ. ಇನ್ನೂ ಖರೀದಿ ಮಾಡಿಲ್ಲ ಅಂದರೆ ಅದನ್ನೇ ತಗೊಳ್ಳಿ. ಆದರೆ ಹಳೆಯ HC-SR04ಗೆ ಸುಮ್ನೆ 3.3 ಕೊಟ್ಟು ನೋಡೋಣ ಅಂತ ಹೋಗಬೇಡಿ. ಕೆಲವು ಓಡುತ್ತವೆ, ಕೆಲವು ಒಂದು ಮೀಟರಿನಾಚೆ ಕುರುಡಾಗುತ್ತವೆ. ಅಳತೆಯ ಮೇಲೆ ನಂಬಿಕೆ ಇಡುವಂತಿಲ್ಲ.

ಎಕೋ ವೈರು: ಎರಡು ರೆಸಿಸ್ಟರ್ ಸಾಕು

HC-SR04ಗೆ ಟ್ರಿಗ್ ಪಿನ್ನಿನಲ್ಲಿ 10 ಮೈಕ್ರೋಸೆಕೆಂಡಿನ ಒಂದು ಪಲ್ಸ್ ಕೊಡುತ್ತೇವೆ. ಅದು 40 ಕಿಲೋಹರ್ಟ್ಜ್ ಶಬ್ದದ ಎಂಟು ಅಲೆ ಬಿಟ್ಟು, ಎಕೋ ಪಿನ್ನನ್ನು 5 ವೋಲ್ಟಿಗೆ ಏರಿಸಿ, ಪ್ರತಿಧ್ವನಿ ಬಂದಾಗ ಇಳಿಸುತ್ತದೆ. ಒಂದು ಸೆಂಟಿಮೀಟರಿಗೆ 58 ಮೈಕ್ರೋಸೆಕೆಂಡ್ ಲೆಕ್ಕ. ಇಲ್ಲಿ ಸಿಗ್ನಲ್ ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಅದನ್ನು ಸೆನ್ಸರೇ ಗಟ್ಟಿಯಾಗಿ ಏರಿಸಿ ಇಳಿಸುತ್ತದೆ, ವೇಗವೂ ಕಮ್ಮಿ. ವೋಲ್ಟೇಜ್ ಡಿವೈಡರಿಗೆ ಹೇಳಿ ಮಾಡಿಸಿದ ಜಾಗ ಇದು.

ಡಿವೈಡರ್ ಅಂದರೆ ಎಕೋದಿಂದ ಪಿನ್ನಿಗೆ ಒಂದು ರೆಸಿಸ್ಟರ್, ಪಿನ್ನಿನಿಂದ ಗ್ರೌಂಡಿಗೆ ಇನ್ನೊಂದು. ಎಲ್ಲ ಕಡೆ ಸಿಗುವ ಸಲಹೆ ಮೇಲೆ 1 ಕೆ, ಕೆಳಗೆ 2 ಕೆ.

```
Vpin = 5 x 2 / (1 + 2) = 3.33 V
```

ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಾವು ಕೊಳ್ಳುವ ಅಗ್ಗದ ರೆಸಿಸ್ಟರುಗಳಲ್ಲಿ ಶೇಕಡಾ 5 ಹೆಚ್ಚುಕಮ್ಮಿ ಇರುತ್ತದೆ. ಮೇಲಿನದು 0.95 ಆಗಿ, ಕೆಳಗಿನದು 2.1 ಆಗಿ, ಅಡಾಪ್ಟರ್ 5.25 ಕೊಟ್ಟರೆ ಪಿನ್ನಿನ ಮೇಲೆ 3.61 ವೋಲ್ಟ್ ಬರುತ್ತದೆ. ನಮ್ಮ ಮೇಲಿನ ಗೆರೆ ದಾಟಿತು. ಅಪರೂಪಕ್ಕೆ ಆಗುವಂಥದ್ದು ನಿಜ. ಆದರೆ ತಪ್ಪಿಸಲು ಖರ್ಚಿಲ್ಲ, ಬೇರೆ ಜೋಡಿ ತಗೊಂಡರೆ ಆಯಿತು.

ಇನ್ನು ಕೆಲವರು ಕೈಯಲ್ಲಿ ಇರುವ ಎರಡು 10 ಕೆ ಹಾಕಿಬಿಡುತ್ತಾರೆ. ಅರ್ಧಕ್ಕರ್ಧ, 2.5 ವೋಲ್ಟ್. ಇದು ಪಿನ್ನನ್ನು ಸುಡುವುದಿಲ್ಲ, ಆದರೆ ಕೆಳಗಿನ ಗೆರೆಯ ಮೇಲೆ ತುದಿಗಾಲಲ್ಲಿ ನಿಂತಿದೆ. ಸರಬರಾಜು 4.8ಕ್ಕೆ ಇಳಿದರೆ ಪಿನ್ನಿಗೆ 2.4 ಸಿಗುತ್ತದೆ. ಆಗ ಅಳತೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಇಂಥ ಅರೆಬರೆ ತೊಂದರೆ ಹುಡುಕುವುದು ಸತ್ತ ಪಿನ್ ಹುಡುಕುವುದಕ್ಕಿಂತ ಕಷ್ಟ.

ನಾನು ಈಗ ಹಾಕುವುದು ಮೇಲೆ 2.2 ಕೆ, ಕೆಳಗೆ 3.3 ಕೆ. ಸರಿಯಾಗಿ 3.0 ವೋಲ್ಟ್ ಬರುತ್ತದೆ. ರೆಸಿಸ್ಟರ್ ಹೆಚ್ಚುಕಮ್ಮಿಯಾಗಿ 5.25 ಬಂದರೂ 3.28 ದಾಟುವುದಿಲ್ಲ. ಅತ್ತ ಕಡೆ ಸರಬರಾಜು 4.5ಕ್ಕೆ ಬಿದ್ದರೂ 2.59 ಇರುತ್ತದೆ. ಎರಡೂ ಗೆರೆಯಿಂದ ದೂರ. ಎರಡೂ ಬೆಲೆಯ ರೆಸಿಸ್ಟರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಇದರಲ್ಲಿ ಹರಿಯುವ ಕರೆಂಟು ಒಂದು ಮಿಲಿಆಂಪಿಗಿಂತ ಕಮ್ಮಿ, ಸೆನ್ಸರಿಗೆ ಭಾರವೇ ಅಲ್ಲ.

ರೆಸಿಸ್ಟರ್ ಹಾಕಿದರೆ ಸಿಗ್ನಲ್ ತಡವಾಗುವುದಿಲ್ಲವಾ ಅಂತ ಒಬ್ಬ ಗೆಳೆಯ ಕೇಳಿದ್ದ. ಆಗುತ್ತದೆ. ಪಿನ್ನಿನ ಹತ್ತಿರ ವೈರೂ ಸೇರಿ 50 ಪಿಕೋಫ್ಯಾರಡ್ ಇದೆ ಅಂದುಕೊಳ್ಳಿ, ತಡ ಸುಮಾರು 66 ನ್ಯಾನೋಸೆಕೆಂಡ್. ಒಂದು ಸೆಂಟಿಮೀಟರಿಗೇ 58 ಸಾವಿರ ನ್ಯಾನೋಸೆಕೆಂಡ್ ಇರುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಇದೇ ಡಿವೈಡರನ್ನು 100 ಕೆ, 150 ಕೆ ಇಟ್ಟು ವೇಗದ ಸಿಗ್ನಲಿಗೆ ಹಾಕಿದರೆ ಅಂಚುಗಳು ಕರಗಿಹೋಗುತ್ತವೆ.

ಡಿವೈಡರ್ ಎಲ್ಲಿ ಇಡಬೇಕು ಅನ್ನೋದೂ ಮುಖ್ಯ. ಎರಡೂ ರೆಸಿಸ್ಟರುಗಳನ್ನು ಇಎಸ್‌ಪಿ32 ಪಕ್ಕದಲ್ಲೇ ಬೆಸುಗೆ ಹಾಕಿ. ಉದ್ದ ವೈರನ್ನು ಸೆನ್ಸರಿನ ಗಟ್ಟಿ ಸಿಗ್ನಲ್ ಎಳೆದುಕೊಂಡು ಬರಲಿ, ಇಳಿಸುವುದು ಬೋರ್ಡಿನ ಬಾಗಿಲಲ್ಲಿ ಆಗಲಿ. ಕೆಳಗಿನ 3.3 ಕೆ ರೆಸಿಸ್ಟರಿನ ಗ್ರೌಂಡ್ ಕಾಲು ಬಿಟ್ಟುಹೋದರೆ ಡಿವೈಡರ್ ಇಲ್ಲದಂತೆಯೇ, ಐದೂ ವೋಲ್ಟು 2.2 ಕೆ ಮೂಲಕ ಪಿನ್ನಿಗೆ ನುಗ್ಗುತ್ತದೆ. ಹಾಗಾಗಿ ಬ್ರೆಡ್‌ಬೋರ್ಡ್ ಮೇಲೆ ಪರೀಕ್ಷೆ ಮಾತ್ರ ಮಾಡಿ, ಟ್ಯಾಂಕಿಗೆ ಹೋಗುವುದು ಬೆಸುಗೆ ಹಾಕಿದ್ದೇ ಆಗಬೇಕು.

ಜೋಡಿಸುವ ಮೊದಲು ಒಂದು ಪರೀಕ್ಷೆ. ಎಕೋ ಪಲ್ಸ್ ಕೆಲವೇ ಮಿಲಿಸೆಕೆಂಡ್ ಇರುವುದರಿಂದ ಮೀಟರಿನಲ್ಲಿ ಅದರ ಎತ್ತರ ಕಾಣುವುದಿಲ್ಲ. ಅದಕ್ಕೇ ಡಿವೈಡರಿನ ನಡುಭಾಗವನ್ನು ಪಿನ್ನಿಗೆ ಕೊಡದೆ, ಎಕೋ ಬರುವ ತುದಿಯನ್ನು ನೇರ 5 ವೋಲ್ಟಿಗೆ ಕೊಟ್ಟು ನಡುಭಾಗ ಅಳೆಯಿರಿ. 2.9ರಿಂದ 3.1 ಬಂದರೆ ಸರಿ. 2.0 ಬಂದರೆ ರೆಸಿಸ್ಟರುಗಳು ಅದಲುಬದಲು. 5 ಬಂದರೆ ಗ್ರೌಂಡ್ ಕಾಲು ಕೂತಿಲ್ಲ.

ಡಿವೈಡರ್ ಬದಲು ಒಂದೇ 10 ಕೆ ರೆಸಿಸ್ಟರನ್ನು ನಡುವೆ ಹಾಕುವವರೂ ಇದ್ದಾರೆ. ಪಿನ್ನಿನ ಒಳಗಿನ ರಕ್ಷಣೆಯ ಡಯೋಡು ಉಳಿದ ವೋಲ್ಟೇಜನ್ನು ನುಂಗಲಿ ಅನ್ನುವುದು ಅವರ ಲೆಕ್ಕ. ನೇರ ಕೊಡುವುದಕ್ಕಿಂತ ಖಂಡಿತ ವಾಸಿ, ಕರೆಂಟು ತೀರಾ ಕಮ್ಮಿಯಾಗುತ್ತದೆ. ಆದರೂ ನಾನು ಹಾಕುವುದಿಲ್ಲ. ಆ ರಕ್ಷಣೆ ಇರುವುದು ಕೈಯಿಂದ ಬರುವ ಸ್ಟ್ಯಾಟಿಕ್ ಏಟು ತಡೆಯಲು, ದಿನವಿಡೀ ದುಡಿಯಲು ಅಲ್ಲ. ಇನ್ನೊಂದು ರೆಸಿಸ್ಟರಿಗೆ ಕೆಲವು ಪೈಸೆ. 3.3 ವೋಲ್ಟ್ ಜೀನರ್ ಕೂಡ ನನಗೆ ಇಷ್ಟವಿಲ್ಲ. ಇಷ್ಟು ಕಮ್ಮಿ ವೋಲ್ಟಿನ ಜೀನರುಗಳು ತಮ್ಮ ಅಂಕೆ ಬರುವ ಮೊದಲೇ ಸೋರಲು ಶುರುಮಾಡುತ್ತವೆ, ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ.

ಟ್ರಿಗ್ ವೈರು: ಹಾಗೇ ಕೊಡಿ, ಆದರೆ

ಇಲ್ಲಿ ಸಿಗ್ನಲ್ ಇಎಸ್‌ಪಿ32ರಿಂದ ಸೆನ್ಸರಿಗೆ ಹೋಗುತ್ತದೆ. 3.3 ವೋಲ್ಟು 5 ವೋಲ್ಟ್ ಚಿಪ್ಪಿಗೆ ಏನೂ ಕೆಡುಕು ಮಾಡುವುದಿಲ್ಲ. ಅದು ಅಷ್ಟನ್ನು "ಹೈ" ಅಂತ ಒಪ್ಪುತ್ತದಾ ಅನ್ನೋದಷ್ಟೇ ಪ್ರಶ್ನೆ. ನಾನು ಬಳಸಿದ HC-SR04ಗಳೆಲ್ಲ ಒಪ್ಪಿವೆ. ಹಾಗಾಗಿ ಟ್ರಿಗ್ ನೇರ ಕೊಡಿ.

ಆದರೆ ಎಲ್ಲ 5 ವೋಲ್ಟ್ ಚಿಪ್ಪುಗಳೂ ಇಷ್ಟು ಉದಾರಿಗಳಲ್ಲ. ಎಷ್ಟೋ ಚಿಪ್ಪುಗಳು ಸರಬರಾಜಿನ ಶೇಕಡಾ 70 ಕೇಳುತ್ತವೆ, ಅಂದರೆ 3.5 ವೋಲ್ಟ್. ಅಲ್ಲಿ 3.3 ಸಾಲುವುದಿಲ್ಲ. ಸಿಗ್ನಲನ್ನು ಏರಿಸಬೇಕು. ಅದಕ್ಕೆ ಸರಿಯಾದ ಚಿಪ್ಪು 74HCT125. ಅದನ್ನು 5 ವೋಲ್ಟಿನಲ್ಲಿ ಓಡಿಸಿದರೂ ಅದರ ಇನ್‌ಪುಟ್ 2 ವೋಲ್ಟನ್ನೇ "ಹೈ" ಅಂತ ಒಪ್ಪುತ್ತದೆ, ಔಟ್‌ಪುಟ್ ಪೂರಾ 5 ಕೊಡುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಆಗಲಿ, ಆನ್‌ಲೈನಲ್ಲಿ ಆಗಲಿ ಇದನ್ನು ಕೊಳ್ಳುವಾಗ ಚಿಪ್ಪಿನ ಮೇಲಿನ ಅಕ್ಷರ ಓದಿ. 74HC125 ಅಂತ ಇದ್ದರೆ, ಆ ಒಂದು T ಇಲ್ಲದಿದ್ದರೆ, ಅದು ಮತ್ತೆ 3.5 ಕೇಳುತ್ತದೆ. ನೋಡಲು ಎರಡೂ ಒಂದೇ ತರಹ ಇರುತ್ತವೆ.

ಎರಡೂ ಕಡೆ ಮಾತಾಡುವ ವೈರು: ಮಾಸ್‌ಫೆಟ್ ಬೋರ್ಡು

ಐ2ಸಿ ಬಂದಾಗ ಕಥೆ ಬದಲಾಗುತ್ತದೆ. ಒಂದೇ ವೈರಿನಲ್ಲಿ ಎರಡೂ ಕಡೆಯವರು ಮಾತಾಡುತ್ತಾರೆ. ಯಾರೂ ಅದನ್ನು ಮೇಲಕ್ಕೆ ತಳ್ಳುವುದಿಲ್ಲ, ಕೆಳಗೆ ಎಳೆಯುತ್ತಾರೆ ಅಷ್ಟೇ. ಮೇಲೆ ಏರಿಸುವುದು ರೆಸಿಸ್ಟರ್. ಇಲ್ಲಿ ಡಿವೈಡರ್ ಹಾಕಿದರೆ ಒಂದು ದಿಕ್ಕು ಸರಿಯಾಗಿ ಇನ್ನೊಂದು ದಿಕ್ಕು ಸೋಲುತ್ತದೆ.

ಅನಲಾಗ್ ವೋಲ್ಟೇಜನ್ನು ಅಂಕೆಯಾಗಿ ಬದಲಿಸಿ ಐ2ಸಿಯಲ್ಲಿ ಕಳಿಸುವ ADS1115 ಮಾಡ್ಯೂಲ್ ತಗೊಳ್ಳಿ. 5 ವೋಲ್ಟಿನವರೆಗೆ ಅನಲಾಗ್ ಔಟ್‌ಪುಟ್ ಕೊಡುವ ಗ್ಯಾಸ್ ಸೆನ್ಸರಿನಂಥದ್ದನ್ನು ಓದಲು ಅದನ್ನು 5 ವೋಲ್ಟಿನಲ್ಲೇ ಓಡಿಸಬೇಕಾಗುತ್ತದೆ, ಏಕೆಂದರೆ ಅದರ ಇನ್‌ಪುಟ್ ತನ್ನ ಸರಬರಾಜಿಗಿಂತ ಮೇಲೆ ಹೋಗುವಂತಿಲ್ಲ. ಆಗ ಅದರ ಐ2ಸಿ ಪಿನ್ನು 3.5 ವೋಲ್ಟ್ ಕೇಳುತ್ತದೆ, ಬೋರ್ಡಿನ ಮೇಲಿನ 10 ಕೆ ರೆಸಿಸ್ಟರುಗಳು ವೈರನ್ನು 5ಕ್ಕೆ ಎಳೆಯುತ್ತವೆ. ಇಬ್ಬರಿಗೂ ತಕರಾರು.

ಇದಕ್ಕೆ BSS138 ಮಾಸ್‌ಫೆಟ್ ಇರುವ ಪುಟ್ಟ ಬೋರ್ಡು ಸರಿ. ನಾಲ್ಕು ಚಾನೆಲಿನದು ಎಲ್ಲ ಕಡೆ ಸಿಗುತ್ತದೆ. ಪ್ರತಿ ವೈರಿಗೂ ಒಂದು ಮಾಸ್‌ಫೆಟ್, ಎರಡೂ ಬದಿಗೆ ಒಂದೊಂದು 10 ಕೆ. ಯಾರೂ ಎಳೆಯದಿದ್ದಾಗ ಮಾಸ್‌ಫೆಟ್ ಮುಚ್ಚಿರುತ್ತದೆ, ಒಂದು ಬದಿ 3.3ರಲ್ಲಿ, ಇನ್ನೊಂದು 5ರಲ್ಲಿ ಸುಮ್ಮನೆ ನಿಂತಿರುತ್ತವೆ. 3.3 ಬದಿ ಕೆಳಗೆ ಎಳೆದರೆ ಮಾಸ್‌ಫೆಟ್ ತೆರೆದು 5ರ ಬದಿಯನ್ನೂ ಎಳೆಯುತ್ತದೆ. 5ರ ಬದಿ ಎಳೆದರೆ ಒಳಗಿನ ಡಯೋಡಿನ ಮೂಲಕ ಶುರುವಾಗಿ ಆಮೇಲೆ ಮಾಸ್‌ಫೆಟ್ ತೆರೆಯುತ್ತದೆ.

ಇದರ ಮಿತಿ ಏರುವ ಅಂಚಿನಲ್ಲಿದೆ. ಇಳಿಯುವುದು ಚುರುಕು, ಏರುವುದು 10 ಕೆ ಎಳೆದಷ್ಟೇ ಬೇಗ. 100 ಪಿಕೋಫ್ಯಾರಡ್ ಇರುವ ವೈರನ್ನು ಏರಿಸಲು ಅದಕ್ಕೆ ಸುಮಾರು 0.85 ಮೈಕ್ರೋಸೆಕೆಂಡ್ ಬೇಕು. 100 ಕಿಲೋಹರ್ಟ್ಜ್ ಐ2ಸಿ ಒಂದು ಮೈಕ್ರೋಸೆಕೆಂಡಿನವರೆಗೆ ಸಹಿಸುತ್ತದೆ, 400 ಕಿಲೋಹರ್ಟ್ಜ್ 0.3ರವರೆಗೆ ಮಾತ್ರ. ಹಾಗಾಗಿ 100ರಲ್ಲೇ ಓಡಿಸಿ. ವೇಗ ಬೇಕೇ ಬೇಕು ಅಂದರೆ ಎರಡೂ ಬದಿಯ 10 ಕೆ ಜೊತೆ ಒಂದೊಂದು 4.7 ಕೆ ಸೇರಿಸಿ, ವೈರನ್ನು ಚಿಕ್ಕದಾಗಿ ಇಡಿ.

ಬೋರ್ಡಿನ LV ಬದಿಗೆ 3.3, HV ಬದಿಗೆ 5. ಇದು ಅದಲುಬದಲಾದರೆ ಒಳಗಿನ ಡಯೋಡ್ ಮೂಲಕ 5ರ ಬದಿಯಿಂದ 3.3ರ ಬದಿಗೆ ಕರೆಂಟು ಹರಿದು, ಆ ವೈರು 4 ವೋಲ್ಟ್ ದಾಟಬಹುದು. ಇಎಸ್‌ಪಿ32ಗೆ ಕೊಡುವ ಮೊದಲು ಅದರ ಕಡೆಯ ಚಾನೆಲ್ ಪಿನ್ನಿನ ಮೇಲೆ ಮೀಟರ್ ಇಟ್ಟು 3.3 ಇದೆಯಾ ನೋಡಿ. ಹತ್ತು ಸೆಕೆಂಡಿನ ಕೆಲಸ.

ಈ ಬೋರ್ಡು ಕೈಯಲ್ಲಿದೆ ಅಂತ ಎಕೋ ವೈರಿಗೂ ಇದನ್ನೇ ಹಾಕಬಹುದಾ? ಹಾಕಬಹುದು, ಓಡುತ್ತದೆ. ಆದರೂ ನಾನು ಡಿವೈಡರನ್ನೇ ಆರಿಸುತ್ತೇನೆ, ಎರಡು ಕಾರಣಕ್ಕೆ. ಒಂದು, ಇಲಿ ವೈರ್ ಕಡಿದರೆ ಏನಾಗುತ್ತದೆ ಅನ್ನುವುದು. ಡಿವೈಡರಿನಲ್ಲಿ ಕೆಳಗಿನ ರೆಸಿಸ್ಟರ್ ಪಿನ್ನನ್ನು ಸೊನ್ನೆಗೆ ಎಳೆಯುತ್ತದೆ, ಪಲ್ಸ್ ಬರಲಿಲ್ಲ ಅಂತ ಕೋಡಿಗೆ ತಿಳಿಯುತ್ತದೆ. ಮಾಸ್‌ಫೆಟ್ ಬೋರ್ಡಿನಲ್ಲಿ 10 ಕೆ ಪಿನ್ನನ್ನು ಸದಾ ಹೈ ಇಡುತ್ತದೆ.

ಎರಡನೆಯದು ಬಹಳ ಜನರನ್ನು ಕಾಡಿದ್ದು. ಇಎಸ್‌ಪಿ32ರ 12ನೇ ಪಿನ್ನು ಬೋರ್ಡ್ ಶುರುವಾಗುವಾಗ ಹೈ ಇದ್ದರೆ, ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಸಾಕು ಅಂತ ಚಿಪ್ಪು ತಿಳಿದುಕೊಳ್ಳುತ್ತದೆ. ಸಾಮಾನ್ಯ ಬೋರ್ಡುಗಳಲ್ಲಿ ಫ್ಲ್ಯಾಶಿಗೆ ಬೇಕಾಗಿರುವುದು 3.3. ಆ ಪಿನ್ನಿಗೆ ಮಾಸ್‌ಫೆಟ್ ಬೋರ್ಡಿನ 10 ಕೆ ಸಿಕ್ಕಿಸಿದಿರೋ, ಬೋರ್ಡ್ ಏಳುವುದೇ ಇಲ್ಲ. ಸ್ಕ್ರೀನಿನ ಮೇಲೆ ಹೀಗೆ ಬರುತ್ತಾ ಇರುತ್ತದೆ:

```
flash read err, 1000
```

ಪಿನ್ ಸುಟ್ಟಿತು ಅಂತ ಗಾಬರಿಯಾಗಬೇಡಿ. ವೈರ್ ಕಿತ್ತು ಮತ್ತೆ ಆನ್ ಮಾಡಿ. ಸರಿಯಾದರೆ ಆ ವೈರನ್ನು 34ನೇ ಪಿನ್ನಿಗೆ ಬದಲಿಸಿ. ಅದು ಓದುವುದಕ್ಕೆ ಮಾತ್ರ ಇರುವ ಪಿನ್ನು, ಎಕೋಗೆ ಅಷ್ಟೇ ಸಾಕು.

ತಾನೇ ದಿಕ್ಕು ತಿಳಿಯುವ ಚಿಪ್ಪುಗಳು

TXB0104, TXS0108E ಅಂತ ಬೋರ್ಡುಗಳು ಸಿಗುತ್ತವೆ. ಯಾವ ಕಡೆಯಿಂದ ಸಿಗ್ನಲ್ ಬರುತ್ತದೆ ಅಂತ ತಾವೇ ಗುರುತಿಸುತ್ತವೆ. ಕೇಳಲು ಎಲ್ಲಕ್ಕಿಂತ ಚೆನ್ನಾಗಿದೆ. ಆದರೆ TXB ಜಾತಿಯದರ ಔಟ್‌ಪುಟ್ ಬೇಕಂತಲೇ ಬಲಹೀನ. ವೈರಿನಲ್ಲಿ 4.7 ಕೆ ಪುಲ್‌ಅಪ್ ಇದ್ದರೆ ಅದಕ್ಕೆ ಎಳೆದು ಗೆಲ್ಲಲು ಆಗುವುದಿಲ್ಲ, ಆದ್ದರಿಂದ ಐ2ಸಿಗೆ ಅದು ಬೇಡವೇ ಬೇಡ. TXS ಐ2ಸಿಗೆ ಹೊಂದುತ್ತದೆ, ಆದರೆ ಉದ್ದ ವೈರಿನಲ್ಲಿ ಬರುವ ಮರುಅಲೆಯನ್ನೇ ಸಿಗ್ನಲ್ ಅಂತ ತಿಳಿದು ಗೊಂದಲ ಮಾಡುತ್ತದೆ. ಒಂದೇ ಬೋರ್ಡಿನ ಮೇಲೆ, ಕೆಲವೇ ಸೆಂಟಿಮೀಟರ್ ದೂರಕ್ಕೆ ಇವು ಸರಿ. ಟ್ಯಾಂಕಿಗೆ ಹೋಗುವ ವೈರಿಗೆ ಅಲ್ಲ.

ಎಸ್‌ಪಿಐಯಂಥ ವೇಗದ 5 ವೋಲ್ಟ್ ಸಿಗ್ನಲ್ ಇಳಿಸಬೇಕಾದರೆ 74LVC245 ಹಾಕಿ. ಅದನ್ನು 3.3ರಲ್ಲಿ ಓಡಿಸಿದರೂ ಅದರ ಇನ್‌ಪುಟ್ 5.5 ವೋಲ್ಟಿನವರೆಗೆ ತಡೆಯುವಂತೆ ಮಾಡಿದ್ದಾರೆ. ಸರಬರಾಜಿನ ಕಾಲಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಖಾಲಿ ಇನ್‌ಪುಟ್‌ಗಳು ಗ್ರೌಂಡಿಗೆ.

ಕರೆಂಟು ಹೋದಾಗ

ಒಂದು ಸಂಗತಿಯನ್ನು ಹೆಚ್ಚಿನವರು ನೋಡುವುದಿಲ್ಲ. ಸೆನ್ಸರಿಗೆ ಒಂದು ಅಡಾಪ್ಟರ್, ಇಎಸ್‌ಪಿ32ಗೆ ಇನ್ನೊಂದು ಇದ್ದಾಗ, ಬೋರ್ಡ್ ಆಫ್ ಆಗಿ ಸೆನ್ಸರ್ ಮಾತ್ರ ಆನ್ ಇರುವ ಗಳಿಗೆ ಬರುತ್ತದೆ. ಆಗ ಎಕೋ ಹೈ ಇದ್ದರೆ, ನೇರ ಜೋಡಿಸಿದ ವೈರಿನಿಂದ ಕರೆಂಟು ಪಿನ್ನಿನ ಮೂಲಕ ಇಡೀ ಚಿಪ್ಪಿಗೆ ನುಗ್ಗುತ್ತದೆ. ಆಫ್ ಆಗಿರುವ ಬೋರ್ಡಿನ ಎಲ್‌ಇಡಿ ಮಂಕಾಗಿ ಉರಿಯುತ್ತಿದ್ದರೆ ಇದೇ ಕಾರಣ. ನನ್ನ 18ನೇ ಪಿನ್ನು ಹೋದದ್ದೂ ಹೀಗೇ ಅಂತ ನನ್ನ ಅನುಮಾನ. ಬೋರ್ಡನ್ನು ಕಂಪ್ಯೂಟರಿನಿಂದ ಕಿತ್ತಾಗಲೆಲ್ಲ ಸೆನ್ಸರ್ ತನ್ನ ಅಡಾಪ್ಟರಿನಲ್ಲಿ ಆನ್ ಇರುತ್ತಿತ್ತು. ಡಿವೈಡರ್ ಇದ್ದರೆ 2.2 ಕೆ ರೆಸಿಸ್ಟರ್ ಆ ಕರೆಂಟನ್ನು ಎರಡು ಮಿಲಿಆಂಪಿನೊಳಗೆ ಹಿಡಿಯುತ್ತದೆ. ಒಂದೇ ಅಡಾಪ್ಟರಿನಿಂದ ಎರಡಕ್ಕೂ ಕೊಡುವುದು ಇನ್ನೂ ಒಳ್ಳೆಯದು. ಎರಡು ಇರಲೇಬೇಕಾದರೆ ಗ್ರೌಂಡ್ ಮಾತ್ರ ಸೇರಿಸಲೇಬೇಕು.

ಈಗ ನಮ್ಮ ಟ್ಯಾಂಕಿನಲ್ಲಿ ಇರುವುದು ನೀರು ತಾಗದ ಸೆನ್ಸರ್ ತಲೆ ಇರುವ JSN-SR04T. HC-SR04 ಮೇಜಿನ ಮೇಲೆ ಚೆನ್ನ, ಟ್ಯಾಂಕಿನ ಆವಿಗೆ ತುಕ್ಕು ಹಿಡಿಯುತ್ತದೆ. JSN ಕೂಡ 5 ವೋಲ್ಟಿನದೇ, ಅದೇ ಟ್ರಿಗ್, ಅದೇ ಎಕೋ. ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ, ಆದ್ದರಿಂದ ತುಂಬಿದ ನೀರಿನಿಂದ ಅಷ್ಟು ಮೇಲೆ ಕೂರಿಸಿದ್ದೇನೆ. ಟ್ರಿಗ್ 5ನೇ ಪಿನ್ನಿನಿಂದ ನೇರ, ಎಕೋ 2.2 ಕೆ ಮತ್ತು 3.3 ಕೆ ಡಿವೈಡರ್ ಮೂಲಕ 34ಕ್ಕೆ. setup()ನಲ್ಲಿ pinMode(5, OUTPUT), pinMode(34, INPUT) ಮತ್ತು Serial.begin(115200) ಕೊಟ್ಟ ಮೇಲೆ ಅಳೆಯುವ ಭಾಗ ಇಷ್ಟೇ:

```
digitalWrite(5, HIGH);
delayMicroseconds(10);
digitalWrite(5, LOW);
unsigned long t = pulseIn(34, HIGH, 30000);
if (t == 0) Serial.println("echo illa");
else Serial.println(t / 58.0);
```

ಬೆಸುಗೆ ಹಾಕಿದ ಮೇಲೆ ಡಿವೈಡರಿನ ನಡುಭಾಗ ಅಳೆದೆ: 2.98 ವೋಲ್ಟ್. ಕೆಟ್ಟ 18ನೇ ಪಿನ್ನಿನ ಮೇಲೆ ಒಂದು ಚುಕ್ಕೆ ಕೆಂಪು ಬಣ್ಣ ಹಚ್ಚಿಟ್ಟಿದ್ದೇನೆ, ಮುಂದೆ ಯಾರೂ ಆ ಪಿನ್ನಿಗೆ ವೈರ್ ಸಿಕ್ಕಿಸದಿರಲಿ ಅಂತ.